ಪಾಠದ ನಡುವೆ ಕರೆಂಟ್ ಹೋದರೆ: ಯುಪಿಎಸ್ಸೋ, ಇನ್ವರ್ಟರೋ, ಲ್ಯಾಪ್‌ಟಾಪೋ, ಜೆರಾಕ್ಸ್ ಹಾಳೆಯೋ?

ಮಂಡ್ಯ ಜಿಲ್ಲೆಯ ಒಂದು ಹಳ್ಳಿ ಹೈಸ್ಕೂಲನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. 10ನೇ ತರಗತಿ, 45 ಮಕ್ಕಳು, 40 ನಿಮಿಷದ ಪೀರಿಯಡ್. ವಿಜ್ಞಾನದ ‘ಜೀವಕ್ರಿಯೆಗಳು’ ಪಾಠದಲ್ಲಿ ಹೃದಯ ಮತ್ತು ರಕ್ತ ಪರಿಚಲನೆ ಬಂದಿದೆ. ಚಾವಣಿಗೆ ನೇತುಹಾಕಿದ ಪ್ರೊಜೆಕ್ಟರ್ ಒಳಗೆ ಬಲ್ಬ್ ಇರುವ ಹಳೆಯ ಮಾದರಿಯದು. ಪಾಠ ಶುರುವಾಗಿ ಕಾಲು ಗಂಟೆಗೆ ಕರೆಂಟ್ ಹೋಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಹೀಗಿರುವಾಗ ಶಾಲೆ ಯಾವುದಕ್ಕೆ ದುಡ್ಡು ಹಾಕಬೇಕು, ಮೇಷ್ಟ್ರು ಯಾವುದಕ್ಕೆ ಸಮಯ ಕೊಡಬೇಕು ಎನ್ನುವುದು ಇಲ್ಲಿನ ವಿಷಯ.

ಅಂಗಡಿಗೆ ಹೋದರೆ ಮೊದಲು ಕೇಳುವ ಪ್ರಶ್ನೆ ‘ಎಷ್ಟು ಹೊತ್ತು ಬ್ಯಾಕಪ್ ಬೇಕು?’ ಎಂಬುದು. ಅದಕ್ಕೂ ಮುಂಚೆ ಶಿಕ್ಷಕರು ತಮಗೆ ತಾವೇ ಕೇಳಿಕೊಳ್ಳಬೇಕಾದದ್ದು ಬೇರೆ ಇದೆ: ಈ 40 ನಿಮಿಷದಲ್ಲಿ ಚಿತ್ರ ಚಲಿಸಲೇಬೇಕಾದ ಹೊತ್ತು ಎಷ್ಟು? ಹೃದಯದ ಪಾಠದಲ್ಲಿ ಅದು ಬಹಳ ಕಡಿಮೆ. ಹೃತ್ಕರ್ಣಗಳು ಮೊದಲು ಸಂಕುಚಿಸಿ ಆಮೇಲೆ ಹೃತ್ಕುಕ್ಷಿಗಳು ಸಂಕುಚಿಸುವುದು, ಆ ಹೊತ್ತಿಗೆ ನಡುವಿನ ಕವಾಟಗಳು ಮುಚ್ಚಿಕೊಂಡು ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವುದು, ಇಷ್ಟನ್ನು ಮಾತ್ರ ಕಣ್ಣಾರೆ ನೋಡಬೇಕು. ಒಂದೂವರೆ ನಿಮಿಷದ ತುಣುಕು ಸಾಕು. ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ದಾರಿಯ ನಕ್ಷೆ. ಅದನ್ನು ಕಾಗದದ ಮೇಲೂ ಕಲಿಸಬಹುದು, ಬೋರ್ಡಿನ ಮೇಲೂ ಕಲಿಸಬಹುದು. ಈ ಲೆಕ್ಕ ಮಾಡಿಕೊಂಡವರಿಗೆ ಆಯ್ಕೆ ಸುಲಭವಾಗುತ್ತದೆ, ಖರ್ಚೂ ಇಳಿಯುತ್ತದೆ.

ಮೊದಲು ಕಟ್ ಎಂಥದ್ದು ಎಂದು ನೋಡಿ

ಕರೆಂಟ್ ಹೋಗುವುದರಲ್ಲಿ ಮೂರು ಬಗೆ. ಒಂದು, ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿ ಬರುವುದು. ಗಾಳಿಗೆ ಕೊಂಬೆ ತಂತಿಗೆ ತಾಗಿದಾಗ ಹೀಗಾಗುತ್ತದೆ. ಎರಡು, 20 ನಿಮಿಷದಿಂದ ಒಂದು ಗಂಟೆಯವರೆಗಿನದು. ಮೂರು, ದುರಸ್ತಿ ಕೆಲಸಕ್ಕೆಂದು ಬೆಳಗ್ಗೆಯಿಂದ ಸಂಜೆಯವರೆಗೆ ತೆಗೆಯುವುದು. ಮೂರನೆಯದರ ಬಗ್ಗೆ ಸೆಸ್ಕ್ ಸಾಮಾನ್ಯವಾಗಿ ಮುಂಚೆಯೇ ಪತ್ರಿಕೆಯಲ್ಲಿ ‘ವಿದ್ಯುತ್ ವ್ಯತ್ಯಯ’ ಎಂದು ಊರುಗಳ ಹೆಸರಿನ ಸಮೇತ ಹಾಕಿಸುತ್ತದೆ. ಅದನ್ನು ನೋಡಿಕೊಂಡು ಆ ದಿನದ ಪ್ರೊಜೆಕ್ಟರ್ ಪಾಠವನ್ನು ಹಿಂದೆ ಮುಂದೆ ಮಾಡಿಕೊಂಡರೆ ಆಯಿತು, ಅದಕ್ಕಾಗಿ ಯಂತ್ರ ಕೊಳ್ಳಬೇಕಿಲ್ಲ.

ಇವುಗಳ ಜೊತೆಗೆ ನಾಲ್ಕನೆಯ ತೊಂದರೆಯೊಂದು ಸದ್ದಿಲ್ಲದೆ ಇರುತ್ತದೆ, ಅದು ಲೋ ವೋಲ್ಟೇಜು. ಸುತ್ತಲಿನ ಗದ್ದೆಗಳಲ್ಲಿ ಪಂಪ್‌ಸೆಟ್‌ಗಳು ಒಟ್ಟಿಗೆ ಓಡುವ ಹೊತ್ತಿನಲ್ಲಿ, ಅದೇ ಟ್ರಾನ್ಸ್‌ಫಾರ್ಮರ್ ಮೇಲಿರುವ ಶಾಲೆಗೆ 230 ವೋಲ್ಟ್ ಬರುವ ಬದಲು 170, 180 ಬರಬಹುದು. ಫ್ಯಾನು ಕುಂಟುತ್ತಾ ತಿರುಗುತ್ತದೆ. ‘ಕರೆಂಟ್ ಇದೆಯಲ್ಲ’ ಎಂದು ಎಲ್ಲರೂ ಸುಮ್ಮನಿರುತ್ತಾರೆ. ಆದರೆ ಬ್ಯಾಕಪ್ ಯಂತ್ರಗಳಿಗೆ ಅತಿ ಹೆಚ್ಚು ಏಟು ಕೊಡುವುದು ಇದೇ, ಹೇಗೆ ಎಂದು ಮುಂದೆ ನೋಡೋಣ. ಪ್ಲಗ್ಗಿಗೆ ಚುಚ್ಚಿದರೆ ಅಂಕಿ ತೋರಿಸುವ ಸಣ್ಣ ವೋಲ್ಟ್‌ಮೀಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಎರಡು ವಾರ ಪೀರಿಯಡ್ಡಿಗೊಮ್ಮೆ ಅದನ್ನು ನೋಡಿ, ಕರೆಂಟ್ ಹೋದ ಹೊತ್ತು ಮತ್ತು ಬಂದ ಹೊತ್ತನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಆ ಪುಟ ಕೈಯಲ್ಲಿಲ್ಲದೆ ಏನನ್ನೂ ಕೊಳ್ಳಬೇಡಿ.

ಬಲ್ಬಿನ ಪ್ರೊಜೆಕ್ಟರ್ ಒಂದು ಕ್ಷಣದ ಕಟ್ಟಿಗೂ ಐದು ನಿಮಿಷ ತಿನ್ನುತ್ತದೆ

ಹಳೆಯ ಪ್ರೊಜೆಕ್ಟರ್‌ಗಳಲ್ಲಿ ಇರುವುದು ಅಧಿಕ ಒತ್ತಡದ ಪಾದರಸ ಆವಿಯ ಬಲ್ಬು. ಉರಿಯುವಾಗ ಅದರ ಒಳಗಿನ ಒತ್ತಡ ತುಂಬಾ ಏರಿರುತ್ತದೆ. ಕರೆಂಟ್ ಹೋಗಿ ಎರಡೇ ಸೆಕೆಂಡಿಗೆ ಬಂದರೂ ಬಿಸಿ ಬಲ್ಬು ತಕ್ಷಣ ಹೊತ್ತಿಕೊಳ್ಳುವುದಿಲ್ಲ, ತಣಿದು ಒತ್ತಡ ಇಳಿಯುವವರೆಗೆ ಕೆಲವು ನಿಮಿಷ ಕಾಯಿಸುತ್ತದೆ. ಹೊತ್ತಿಕೊಂಡ ಮೇಲೂ ಪೂರ್ತಿ ಬೆಳಕಿಗೆ ಬರಲು ಇನ್ನೊಂದು ನಿಮಿಷದಷ್ಟು ಹಿಡಿಯುತ್ತದೆ. ಇದರ ಜೊತೆಗೆ ಕರೆಂಟ್ ದಿಢೀರನೆ ಹೋದಾಗ ಒಳಗಿನ ಫ್ಯಾನೂ ನಿಲ್ಲುವುದರಿಂದ ಕಾದ ಬಲ್ಬು ಗಾಳಿಯಿಲ್ಲದೆ ಅಲ್ಲೇ ಬೇಯುತ್ತದೆ. ಇದು ಮತ್ತೆ ಮತ್ತೆ ಆದರೆ ಬಲ್ಬಿನ ಆಯುಸ್ಸು ಕಡಿಮೆಯಾಗುತ್ತದೆ.

ಆದ್ದರಿಂದ ಬ್ಯಾಕಪ್ ಇಲ್ಲದ ಕೋಣೆಯಲ್ಲಿ ಒಂದು ಶಿಸ್ತು ಬೇಕು. ಕರೆಂಟ್ ಹೋದ ತಕ್ಷಣ ಗೋಡೆಯ ಸ್ವಿಚ್ ಆಫ್ ಮಾಡಿಬಿಡಿ. ನಮ್ಮ ಕಡೆ ಕರೆಂಟ್ ವಾಪಸ್ ಬರುವಾಗ ಎರಡು ಮೂರು ಸಲ ಬಂದು ಹೋಗಿ ಆಮೇಲೆ ಸ್ಥಿರವಾಗುತ್ತದೆ. ಸ್ವಿಚ್ ಆನ್ ಇದ್ದರೆ ಆ ಪ್ರತಿ ಹೊಡೆತವೂ ಪ್ರೊಜೆಕ್ಟರಿಗೇ ಬೀಳುತ್ತದೆ. ಕರೆಂಟ್ ಸ್ಥಿರವಾಯಿತು ಎಂದು ಖಾತ್ರಿಯಾದ ಮೇಲೆ ಐದು ನಿಮಿಷ ಬಿಟ್ಟು ಹಾಕಿ.

ನಿಮ್ಮಲ್ಲಿರುವುದು ಎಲ್‌ಇಡಿ ಅಥವಾ ಲೇಸರ್ ಬೆಳಕಿನ ಪ್ರೊಜೆಕ್ಟರ್ ಆದರೆ ಬಲ್ಬ್ ತಣಿಯುವ ಈ ಕಾಯುವಿಕೆ ಇಲ್ಲ, ಅರ್ಧ ನಿಮಿಷದೊಳಗೆ ಚಿತ್ರ ಬರುತ್ತದೆ. ಅಂಥವರಿಗೆ ಕ್ಷಣಿಕ ಕಟ್ ದೊಡ್ಡ ಸಮಸ್ಯೆಯೇ ಅಲ್ಲ. ಆದರೆ ಎರಡೂ ಬಗೆಯಲ್ಲೂ ಇನ್ನೊಂದು ಅಡ್ಡಿ ಬರುತ್ತದೆ: ಪ್ರೊಜೆಕ್ಟರ್ ಮತ್ತೆ ಹೊತ್ತಿಕೊಂಡಾಗ ಪರದೆಯ ಮೇಲೆ No Signal ಎಂದು ಬರಬಹುದು, ಅಥವಾ ಲ್ಯಾಪ್‌ಟಾಪಿನ ವಿಡಿಯೊ ಕಾಣದೆ ಬರೀ ಡೆಸ್ಕ್‌ಟಾಪಿನ ಹಿನ್ನೆಲೆ ಚಿತ್ರ ಕಾಣಬಹುದು. ಕೇಬಲ್ ಕಿತ್ತು ಹಾಕಲು ಹೋಗಬೇಡಿ. Windows + P ಒತ್ತಿ Duplicate ಆರಿಸಿದರೆ ಬಹುತೇಕ ಸರಿಹೋಗುತ್ತದೆ.

ಸಣ್ಣ ಯುಪಿಎಸ್: ಪಾಠಕ್ಕಲ್ಲ, ಬಲ್ಬಿಗೆ

ಕಂಪ್ಯೂಟರಿಗೆ ಇಡುವ 600 ವಿಎ ಯುಪಿಎಸ್ಸನ್ನು ಪ್ರೊಜೆಕ್ಟರಿಗೆ ಜೋಡಿಸಿದರೆ ಸಾಕಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಇದರ ಮೇಲೆ 600 ಎಂದು ಬರೆದಿದ್ದರೂ ಹೊರುವ ಶಕ್ತಿ ಸಾಮಾನ್ಯವಾಗಿ 360 ವಾಟ್. ಬಲ್ಬಿನ ಪ್ರೊಜೆಕ್ಟರ್ ಒಂದು 280 ವಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ (ನಿಮ್ಮದರ ಅಂಕಿ ಕೆಳಭಾಗದ ಚೀಟಿಯ ಮೇಲಿರುತ್ತದೆ). ಹೊರುವುದೇನೋ ಹೊರುತ್ತದೆ, ಆದರೆ ಒಳಗಿರುವುದು 12 ವೋಲ್ಟ್, 7 ಆಂಪಿಯರ್ ಅವರ್‌ನ ಪುಟ್ಟ ಬ್ಯಾಟರಿ. ಗುಣಿಸಿದರೆ 84 ವಾಟ್ ಅವರ್. ಇಷ್ಟು ಜೋರಾಗಿ ಎಳೆದಾಗ ಅದರ ಅರ್ಧವೂ ಕೈಗೆ ಸಿಗುವುದು ಕಷ್ಟ. ಹೊಸ ಬ್ಯಾಟರಿಯಲ್ಲಿ ಐದಾರು ನಿಮಿಷ ನಡೆದೀತು. ಎರಡು ಮೂರು ವರ್ಷ ಹಳತಾದರೆ ಒಂದು ನಿಮಿಷಕ್ಕೇ ಕೈಕೊಡಬಹುದು.

ಹಾಗೆಂದು ಇದು ನಿರುಪಯೋಗಿಯಲ್ಲ. ಕ್ಷಣಿಕ ಕಟ್‌ಗಳನ್ನು ಇದು ಪೂರ್ತಿ ನುಂಗಿಕೊಳ್ಳುತ್ತದೆ, ಮಕ್ಕಳಿಗೆ ಗೊತ್ತೇ ಆಗುವುದಿಲ್ಲ. ದೊಡ್ಡ ಕಟ್ ಆದಾಗ ಆ ಒಂದೂವರೆ ನಿಮಿಷದ ತುಣುಕನ್ನು ಮುಗಿಸಿ, ರಿಮೋಟಿನಿಂದ ಪ್ರೊಜೆಕ್ಟರ್ ಆಫ್ ಮಾಡಿ, ಫ್ಯಾನು ಬಲ್ಬನ್ನು ತಣಿಸಿ ತಾನಾಗಿ ನಿಲ್ಲುವಷ್ಟು ಸಮಯ ಕೊಡುತ್ತದೆ. ಬೀಪ್ ಸದ್ದು ಬೇಗ ಬೇಗ ಬರತೊಡಗಿದರೆ ‘ಇನ್ನೂ ಸ್ವಲ್ಪ ನೋಡೋಣ’ ಎಂದು ಎಳೆಯಬೇಡಿ. ಲ್ಯಾಪ್‌ಟಾಪಿನ ಚಾರ್ಜರನ್ನೂ ಸ್ಪೀಕರನ್ನೂ ಇದಕ್ಕೆ ಚುಚ್ಚಬೇಡಿ. ಲ್ಯಾಪ್‌ಟಾಪಿಗೆ ಅದರದೇ ಬ್ಯಾಟರಿ ಇದೆ.

ಇನ್ವರ್ಟರ್: ಸರಿಯಾಗಿ ಜೋಡಿಸಿದರೆ ಮಾತ್ರ

ದಿನಕ್ಕೆ ಮೂರು ನಾಲ್ಕು ಪೀರಿಯಡ್ ಪ್ರೊಜೆಕ್ಟರ್ ಓಡುವ ಸ್ಮಾರ್ಟ್ ಕ್ಲಾಸ್ ಕೋಣೆಯಿದ್ದರೆ ಇನ್ವರ್ಟರೇ ಸರಿ. 900 ವಿಎ ಆಸುಪಾಸಿನ ಸೈನ್ ವೇವ್ ಇನ್ವರ್ಟರ್, 150 ಆಂಪಿಯರ್ ಅವರ್‌ನ ಟ್ಯೂಬುಲರ್ ಬ್ಯಾಟರಿ, ಎರಡೂ ಸೇರಿ 20ರಿಂದ 25 ಸಾವಿರದ ಸುತ್ತಮುತ್ತ ಆಗುತ್ತದೆ. ಸ್ವಲ್ಪ ಅಗ್ಗಕ್ಕೆ ಸಿಗುವ ಸ್ಕ್ವೇರ್ ವೇವ್ ಇನ್ವರ್ಟರ್ ಬೇಡ. ಅದರಲ್ಲಿ ಸ್ಪೀಕರ್ ಗುಂಯ್‌ಗುಡುತ್ತದೆ, ಕೆಲವು ಪ್ರೊಜೆಕ್ಟರ್‌ಗಳು ಹೊತ್ತಿಕೊಳ್ಳುವುದೇ ಇಲ್ಲ.

ಎಷ್ಟು ಹೊತ್ತು ಬರುತ್ತದೆ? 280 ವಾಟ್ ಪ್ರೊಜೆಕ್ಟರಿಗೆ ಇನ್ವರ್ಟರಿನ ನಷ್ಟವೂ ಸೇರಿ ಬ್ಯಾಟರಿಯಿಂದ ಸುಮಾರು 28 ಆಂಪಿಯರ್ ಹರಿಯುತ್ತದೆ. 150ನ್ನು 28ರಿಂದ ಭಾಗಿಸಿ ‘ಐದು ಗಂಟೆ’ ಎನ್ನುವುದು ಅಂಗಡಿಯ ಲೆಕ್ಕ. ಆ 150 ಎಂಬ ಅಂಕಿ 20 ಗಂಟೆ ಕಾಲ ನಿಧಾನವಾಗಿ, ಅಂದರೆ ಏಳೂವರೆ ಆಂಪಿಯರ್‌ನಂತೆ ಖಾಲಿ ಮಾಡಿದಾಗಿನದು. ಬೇಗ ಎಳೆದಷ್ಟೂ ಒಟ್ಟು ಸಿಗುವುದು ಕಡಿಮೆ. ಮೇಲಾಗಿ ತಳ ಕಾಣುವವರೆಗೆ ಬಸಿದರೆ ಬ್ಯಾಟರಿ ಬೇಗ ಸಾಯುತ್ತದೆ. ಎರಡೂವರೆ ಗಂಟೆ ಎಂದು ಇಟ್ಟುಕೊಂಡರೆ ಮೋಸವಿಲ್ಲ. ಅದರಲ್ಲಿ ಮೂರು ಪೀರಿಯಡ್ ಧಾರಾಳವಾಗಿ ನಡೆಯುತ್ತದೆ. ಪ್ರೊಜೆಕ್ಟರನ್ನು ಇಕೊ ಮೋಡಿಗೆ ಹಾಕಿದರೆ ಇನ್ನಷ್ಟು ಸಿಗುತ್ತದೆ, ಬಲ್ಬೂ ಹೆಚ್ಚು ದಿನ ಬಾಳುತ್ತದೆ.

ಇನ್ವರ್ಟರ್ ಇದ್ದೂ ಪಾಠ ನಿಲ್ಲುವ ಶಾಲೆಗಳಲ್ಲಿ ಕಾರಣ ಹುಡುಕಿದರೆ ಬ್ಯಾಟರಿ ಕಂಪನಿಯದು ತಪ್ಪಿರುವುದು ಅಪರೂಪ. ಮೊದಲ ಕಾರಣ, ಸಂಜೆ ಶಾಲೆ ಮುಚ್ಚುವಾಗ ಮೇನ್ ಸ್ವಿಚ್ಚನ್ನೇ ಆಫ್ ಮಾಡುವ ಪದ್ಧತಿ. ಎರಡೂವರೆ ಗಂಟೆ ಓಡಿದ ಬ್ಯಾಟರಿ ಮತ್ತೆ ತುಂಬಲು ಎಂಟು ಹತ್ತು ಗಂಟೆ ಬೇಕು. ಹಗಲು ಕರೆಂಟ್ ಸರಿಯಿಲ್ಲ, ರಾತ್ರಿ ಮೇನ್ ಆಫ್, ಇನ್ನು ಅದು ತುಂಬುವುದು ಯಾವಾಗ? ಹೀಗೆ ಅರ್ಧಂಬರ್ಧ ಚಾರ್ಜಿನಲ್ಲೇ ಇದ್ದ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಕಟ್ಟಿಕೊಂಡು ವರ್ಷ ಒಂದೂವರೆ ವರ್ಷಕ್ಕೆ ಅದು ಸೋಲುತ್ತದೆ. ಇದಕ್ಕೆ ಮದ್ದು ಸರಳ. ಇನ್ವರ್ಟರಿಗೆ ಬೇರೆ ಎಂಸಿಬಿ ಹಾಕಿಸಿ, ಉಳಿದ ಕೋಣೆಗಳನ್ನು ಆಫ್ ಮಾಡಿದರೂ ಅದಕ್ಕೆ ಕರೆಂಟ್ ಹೋಗುತ್ತಿರುವಂತೆ ಎಲೆಕ್ಟ್ರಿಷಿಯನ್ನರಿಂದ ಮಾಡಿಸಿಕೊಳ್ಳಿ. ಶಾಲೆ ಮುಚ್ಚುವವರಿಗೆ ಆ ಎಂಸಿಬಿಯನ್ನು ಮುಟ್ಟಬಾರದೆಂದು ತೋರಿಸಿ ಹೇಳಿ, ಮೇಲೆ ಚೀಟಿ ಅಂಟಿಸಿ. ಏಪ್ರಿಲ್, ಮೇ ರಜೆಯಲ್ಲೂ ಇದೇ ವ್ಯವಸ್ಥೆ ಇರಲಿ. ರಜೆಯ ನಡುವೆ ಯಾರಾದರೂ ಒಮ್ಮೆ ಬಂದು ತೇಲುಗುಂಡಿನ ಗುರುತು ನೋಡಿ ಡಿಸ್ಟಿಲ್ಡ್ ನೀರು ಹಾಕಿ ಹೋಗಬೇಕು.

ಎರಡನೆಯದು, ಆಗಲೇ ಹೇಳಿದ ಲೋ ವೋಲ್ಟೇಜು. ಅನೇಕ ಇನ್ವರ್ಟರ್‌ಗಳ ಹಿಂದೆ ಎರಡು ಮೋಡಿನ ಸಣ್ಣ ಸ್ವಿಚ್ ಇರುತ್ತದೆ. ಯುಪಿಎಸ್ ಮೋಡಿನಲ್ಲಿ ಬದಲಾವಣೆ ಬಹಳ ಬೇಗ ಆಗುತ್ತದೆ, ಪ್ರೊಜೆಕ್ಟರ್ ಆರುವುದಿಲ್ಲ. ಆದರೆ ಆ ಮೋಡಿನಲ್ಲಿ ಇನ್ವರ್ಟರ್ ತುಂಬಾ ನಾಜೂಕಾಗುತ್ತದೆ: ವೋಲ್ಟೇಜ್ 180ಕ್ಕಿಂತ ಕೆಳಗಿಳಿದರೆ ಲೈನ್ ಬಿಟ್ಟು ಬ್ಯಾಟರಿಗೆ ಹೋಗಿಬಿಡುತ್ತದೆ. ಪಂಪ್‌ಸೆಟ್ ಓಡುವ ಬೆಳಗಿನ ಹೊತ್ತೆಲ್ಲ ಬ್ಯಾಟರಿ ಬಸಿದು, ನಿಜವಾಗಿ ಕರೆಂಟ್ ಹೋದ ಮಧ್ಯಾಹ್ನ ಅದರಲ್ಲಿ ಏನೂ ಉಳಿದಿರುವುದಿಲ್ಲ. ಪಕ್ಕದ ಕೋಣೆಯಲ್ಲಿ ಫ್ಯಾನು ನಿಧಾನವಾಗಿಯಾದರೂ ತಿರುಗುತ್ತಿದ್ದು, ಇನ್ವರ್ಟರಿನ ಮೇನ್ಸ್ ದೀಪ ಮಾತ್ರ ಆರಿದ್ದರೆ ಇದೇ ಆಗುತ್ತಿದೆ ಎಂದು ತಿಳಿಯಿರಿ. ನಾರ್ಮಲ್ ಮೋಡಿಗೆ ಹಾಕಿದರೆ ಅದು 100 ವೋಲ್ಟ್ ಆಸುಪಾಸಿನವರೆಗೂ ಲೈನನ್ನೇ ಹಿಡಿದುಕೊಳ್ಳುತ್ತದೆ, ಆದರೆ ಬದಲಾಗುವಾಗಿನ ಆ ಒಂದು ಚಣದಲ್ಲಿ ಬಲ್ಬು ಆರಬಹುದು.

ಎರಡೂ ಬೇಕೆಂದರೆ ಒಂದು ಒಳ್ಳೆಯ ಜೋಡಿ ಇದೆ. ಸೈನ್ ವೇವ್ ಇನ್ವರ್ಟರನ್ನು ನಾರ್ಮಲ್ ಮೋಡಿನಲ್ಲಿಟ್ಟು, ಅದರಿಂದ ಬರುವ ಲೈನಿಗೆ ಮೇಲಿನ 600 ವಿಎ ಯುಪಿಎಸ್ಸನ್ನು ಚುಚ್ಚಿ, ಅದಕ್ಕೆ ಪ್ರೊಜೆಕ್ಟರ್ ಕೊಡಿ. ಇನ್ವರ್ಟರ್ ಬದಲಾಗುವ ಕ್ಷಣವನ್ನು ಯುಪಿಎಸ್ ತುಂಬುತ್ತದೆ, ಆಮೇಲಿನ ಗಂಟೆಗಳನ್ನು ಇನ್ವರ್ಟರ್ ಹೊರುತ್ತದೆ. ವೋಲ್ಟೇಜನ್ನು ತಾನೇ ಏರಿಸಿಕೊಳ್ಳುವ ಎವಿಆರ್ ಇರುವ ಯುಪಿಎಸ್ ಆದರೆ 150, 160 ವೋಲ್ಟಿಗೂ ಬ್ಯಾಟರಿ ಮುಟ್ಟದೆ ನಡೆಯುತ್ತದೆ. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಇನ್‌ಪುಟ್ ವೋಲ್ಟೇಜ್ 140ರಿಂದ 290 ಎಂಬಂಥ ಅಂಕಿ ಇದೆಯೇ ನೋಡಿ.

ಇನ್ನೊಂದು ಮಾತು. ಇನ್ವರ್ಟರ್ ಲೈನು ಆಫೀಸ್ ರೂಮಿನ ಲೈಟು ಫ್ಯಾನಿಗೆ ಮಾತ್ರ ಹೋಗಿದ್ದು, ಪ್ರೊಜೆಕ್ಟರಿನ ಪ್ಲಗ್ ಪಾಯಿಂಟ್ ಹಳೆಯ ಲೈನಿನಲ್ಲೇ ಉಳಿದಿರುವುದು ತೀರಾ ಸಾಮಾನ್ಯ. ಬಿಲ್ ಕೊಡುವ ಮುಂಚೆ ಇದನ್ನು ನೋಡಿ. ಆ ಪಾಯಿಂಟಿನಲ್ಲಿ ಟೀ ಕೆಟಲ್ ಹಾಕಬಾರದು ಎಂಬುದನ್ನೂ ಬರೆದು ಅಂಟಿಸಿ.

ಬ್ಯಾಟರಿ ಇರುವ ಪುಟ್ಟ ಪ್ರೊಜೆಕ್ಟರ್

ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಎಲ್‌ಇಡಿ ಪ್ರೊಜೆಕ್ಟರ್‌ಗಳು ಎರಡು ಗಂಟೆಯವರೆಗೆ ಸ್ವಂತ ಬ್ಯಾಟರಿಯಲ್ಲಿ ಓಡುತ್ತವೆ. ಇವುಗಳ ಜಾಹೀರಾತಿನ ‘5000 ಲ್ಯೂಮೆನ್ಸ್’ ನಂಬಬೇಡಿ. ನಿಗದಿತ ವಿಧಾನದಲ್ಲಿ ಅಳೆದ ಬೆಳಕಿನ ಅಂಕಿ, ಅಂದರೆ ಆನ್ಸಿ ಲ್ಯೂಮೆನ್ಸ್ ಎಷ್ಟು ಎಂದು ಕೇಳಿ. ಬ್ಯಾಟರಿಯಲ್ಲಿ ಓಡುವವು ಹೆಚ್ಚಾಗಿ ಕೆಲವು ನೂರರೊಳಗೇ ಇರುತ್ತವೆ, ತರಗತಿಯ ಪ್ರೊಜೆಕ್ಟರ್ 3000ದ ಹತ್ತಿರ. ಹಾಗಾಗಿ ಕಿಟಕಿಗಳನ್ನೆಲ್ಲ ಮುಚ್ಚಿ 40 ಇಂಚಿನಷ್ಟು ಚಿಕ್ಕ ಚಿತ್ರ ಹಾಕಿದರೆ ಮಾತ್ರ ಕಾಣುತ್ತದೆ. ಮಾರ್ಚ್ ತಿಂಗಳಲ್ಲಿ, ಫ್ಯಾನೂ ಇಲ್ಲದೆ, ಕಿಟಕಿ ಮುಚ್ಚಿದ ಕೋಣೆಯಲ್ಲಿ 45 ಮಕ್ಕಳನ್ನು ಕೂರಿಸುವುದು ಸರಿಯಲ್ಲ. ಹತ್ತು ಹನ್ನೆರಡು ಮಕ್ಕಳ ಕತ್ತಲೆ ಲ್ಯಾಬ್ ಇದ್ದರೆ ಯೋಚಿಸಿ, ಇಲ್ಲದಿದ್ದರೆ ಈ ದುಡ್ಡನ್ನು ಇನ್ವರ್ಟರಿಗೆ ಸೇರಿಸಿ.

ಲ್ಯಾಪ್‌ಟಾಪ್ ಮತ್ತು ಜೆರಾಕ್ಸ್: ವಾರಕ್ಕೊಂದೆರಡು ಪಾಠ ಇರುವವರಿಗೆ

ಪ್ರೊಜೆಕ್ಟರ್ ಪಾಠ ವಾರಕ್ಕೆ ಒಂದೆರಡೇ ಆದರೆ ನಮ್ಮ ಶಿಫಾರಸು ಇದೇ. ಬೇಕಾದದ್ದು ಪೂರ್ತಿ ಚಾರ್ಜ್ ಆದ ಲ್ಯಾಪ್‌ಟಾಪ್, ಒಂದು ಬ್ಲೂಟೂತ್ ಸ್ಪೀಕರ್, ನಾಲ್ಕು ಚಿತ್ರಗಳ ಹಾಳೆಗಳು. ವಿಡಿಯೊ ಲ್ಯಾಪ್‌ಟಾಪಿಗೆ ಇಳಿದಿರಬೇಕು. ಕರೆಂಟ್ ಹೋದಾಗ ವೈಫೈ ರೂಟರೂ ಹೋಗುತ್ತದೆ ಎಂಬುದನ್ನು ಮರೆಯುವವರು ಬಹಳ. ಪಠ್ಯಪುಸ್ತಕದ ಕ್ಯೂಆರ್ ಕೋಡಿನಿಂದ ದೀಕ್ಷಾ ಆ್ಯಪಿನಲ್ಲಿ ತೆರೆಯುವ ಪಾಠಗಳನ್ನು ಮೊಬೈಲಿಗೆ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು. ಮನೆಯಿಂದ ಹೊರಡುವ ಮುಂಚೆ ಇಂಟರ್ನೆಟ್ ಆಫ್ ಮಾಡಿ ಒಮ್ಮೆ ಆಡಿಸಿ ನೋಡಿ.

ಹಾಳೆಗಳಿಗೆ ವಿಡಿಯೊದಿಂದಲೇ ನಾಲ್ಕು ಚಿತ್ರ ಹಿಡಿದುಕೊಳ್ಳಿ: ದೇಹದಿಂದ ರಕ್ತ ಬಲ ಹೃತ್ಕರ್ಣಕ್ಕೆ ಬರುವುದು, ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಕ್ಕೆ ಹೋಗುವುದು, ಅಲ್ಲಿಂದ ಎಡ ಹೃತ್ಕರ್ಣಕ್ಕೆ ಮರಳುವುದು, ಎಡ ಹೃತ್ಕುಕ್ಷಿಯಿಂದ ದೇಹಕ್ಕೆ ಹೋಗುವುದು. ಐವರ ಗುಂಪಿನಂತೆ ಒಂಬತ್ತು ಗುಂಪು, ಗುಂಪಿಗೆ ನಾಲ್ಕು, ಒಟ್ಟು 36 ಹಾಳೆ. ಪುಟಕ್ಕೆ 2 ರೂಪಾಯಿ ಹಿಡಿದರೂ 72 ರೂಪಾಯಿ.

ಜೆರಾಕ್ಸ್ ಮಾಡಿಸುವ ಮುಂಚೆ ಎರಡು ಕೆಲಸ ಆಗಲೇಬೇಕು. ಪರದೆಯ ಮೇಲೆ ಆಮ್ಲಜನಕಯುಕ್ತ ರಕ್ತ ಕೆಂಪು, ಉಳಿದದ್ದು ನೀಲಿ. ಕಪ್ಪು ಬಿಳುಪಿನ ಜೆರಾಕ್ಸಿನಲ್ಲಿ ಎರಡೂ ಒಂದೇ ಬೂದು ಬಣ್ಣಕ್ಕೆ ತಿರುಗಿ, ಚಿತ್ರದ ಅರ್ಥವೇ ಹೋಗುತ್ತದೆ. ಮೂಲ ಪ್ರತಿಯಲ್ಲೇ ನೀಲಿ ಭಾಗಕ್ಕೆ ಕಪ್ಪು ಪೆನ್ನಿನಿಂದ ಓರೆಗೆರೆ ಎಳೆದು, ಕೆಂಪು ಭಾಗವನ್ನು ವೈಟ್ನರ್ ಹಚ್ಚಿಯಾದರೂ ಖಾಲಿ ಬಿಡಿ. ಎರಡನೆಯದು, ಚಿತ್ರದಲ್ಲಿ ಹೃದಯದ ಬಲಭಾಗ ನೋಡುವವರ ಎಡಗಡೆ ಇರುತ್ತದೆ. ಪರದೆಯ ಮುಂದೆ ನಿಂತು ಕೈತೋರಿಸಿ ಹೇಳುವಾಗ ಆಗದ ಗೊಂದಲ, ಮಕ್ಕಳು ತಾವೇ ಹಾಳೆ ಹಿಡಿದಾಗ ಆಗುತ್ತದೆ. ‘ಬಲ’, ‘ಎಡ’ ಎಂದು ದೊಡ್ಡದಾಗಿ ಬರೆದಿಡಿ. ನಾಲ್ಕು ಹಾಳೆಗೂ ಅಂಕಿ ಹಾಕಬೇಡಿ. ಕ್ರಮದಲ್ಲಿ ಜೋಡಿಸುವುದು ಮಕ್ಕಳ ಕೆಲಸ.

ಈಗ ಪಾಠ ನಡೆಸಿ ನೋಡೋಣ. ಚಲಿಸುವ ಭಾಗವನ್ನು ಕೊನೆಗೆ ಇಟ್ಟುಕೊಳ್ಳದೆ ಐದನೇ ನಿಮಿಷಕ್ಕೇ ತನ್ನಿ, ಕರೆಂಟ್ ಇರುವಾಗಲೇ ಅದು ಮುಗಿಯಲಿ. ಅಷ್ಟರೊಳಗೇ ಕರೆಂಟ್ ಹೋಯಿತು ಎನ್ನಿ. ಪ್ರೊಜೆಕ್ಟರಿನ ಸ್ವಿಚ್ ಆಫ್ ಮಾಡಿ, ಹಾಳೆಗಳನ್ನು ಹಂಚಿ, ಜೋಡಿಸಲು ಹೇಳಿ. 15 ಇಂಚಿನ ಪರದೆಯ ಮುಂದೆ ಒಂಬತ್ತು ಹತ್ತು ಮಕ್ಕಳು ನಿಂತು ನೋಡಬಹುದು, ಅಂದರೆ ಎರಡೆರಡು ಗುಂಪಿನಂತೆ ಐದು ಸರದಿ. ಒಂದೂವರೆ ನಿಮಿಷದ ತುಣುಕಿಗೆ ಎದ್ದು ಬಂದು ಹೋಗುವುದೂ ಸೇರಿ ಸರದಿಗೆ ಮೂರು ನಿಮಿಷ, ಒಟ್ಟು 15 ನಿಮಿಷ. ಲ್ಯಾಪ್‌ಟಾಪನ್ನು ಕಿಟಕಿಗೆ ಬೆನ್ನು ಮಾಡಿ ಇಡಬೇಡಿ, ಕಿಟಕಿಯ ಬೆಳಕಿನಲ್ಲಿ ಮಕ್ಕಳಿಗೆ ಪರದೆ ಕಪ್ಪಾಗಿ ಕಾಣುತ್ತದೆ. ಕಿಟಕಿಗೆ ಎದುರಾಗಿಟ್ಟರೆ ಪರದೆಯ ಮೇಲೆ ಪ್ರತಿಫಲನ. ಅಡ್ಡಲಾಗಿ, ಕಿಟಕಿ ಪಕ್ಕಕ್ಕೆ ಬರುವಂತೆ ಇಡಿ. ಸರದಿ ಮುಗಿಯುವ ಹೊತ್ತಿಗೆ ಉಳಿದ ಗುಂಪುಗಳು ಹಾಳೆ ಜೋಡಿಸಿ, ಕವಾಟಗಳನ್ನು ಗುರುತಿಸಿರುತ್ತವೆ. ಬಾಕಿ ಹದಿನೈದು ಇಪ್ಪತ್ತು ನಿಮಿಷ ಬೋರ್ಡಿನ ಮೇಲೆ ಇಮ್ಮಡಿ ಪರಿಚಲನೆಯ ದಾರಿ ಬರೆಸುವುದಕ್ಕೆ ಸಿಗುತ್ತದೆ. ಬೆಳಗ್ಗೆಯೇ ಬೋರ್ಡಿನ ಒಂದು ಬದಿಯಲ್ಲಿ ಹೃದಯದ ಹೊರರೇಖೆ ಬರೆದಿಟ್ಟಿದ್ದರೆ ಆಗ ಬೆನ್ನು ತಿರುಗಿಸಿ ನಿಲ್ಲಬೇಕಿಲ್ಲ.

ಪಾಠವೆಲ್ಲ ಚಲನೆಯೇ ಆಗಿರುವ ವಿಷಯಗಳಿಗೆ ಈ ದಾರಿ ಸಾಲದು. ಮಕ್ಕಳೇ ಅಂಕಿ ಬದಲಿಸಿ ಫಲಿತಾಂಶ ನೋಡಬೇಕಾದ ಸಿಮ್ಯುಲೇಷನ್ ಪಾಠಗಳಲ್ಲಿ ಮೂರು ನಿಮಿಷದ ಸರದಿ ಯಾರಿಗೂ ಸಾಕಾಗುವುದಿಲ್ಲ. ಅಂಥ ಪಾಠಗಳು ಹೆಚ್ಚಿದ್ದರೆ ಇನ್ವರ್ಟರ್ ಬೇಕೇ ಬೇಕು.

ಯಾರಿಗೆ ಯಾವುದು

ನಿಮ್ಮ ಪುಸ್ತಕದಲ್ಲಿ ಕ್ಷಣಿಕ ಕಟ್‌ಗಳೇ ಹೆಚ್ಚಿದ್ದು ಪ್ರೊಜೆಕ್ಟರ್ ಬಲ್ಬಿನದಾದರೆ, ಎವಿಆರ್ ಇರುವ ಸಣ್ಣ ಯುಪಿಎಸ್ ಮತ್ತು ಜೆರಾಕ್ಸ್ ಹಾಳೆ. ಮೈಸೂರು ನಗರದೊಳಗಿನ ಅನೇಕ ಶಾಲೆಗಳಿಗೆ ಇಷ್ಟು ಸಾಕಾಗಬಹುದು. ಅರ್ಧ ಗಂಟೆ, ಒಂದು ಗಂಟೆಯ ಕಟ್‌ಗಳು ವಾರದಲ್ಲಿ ಹಲವು ಸಲ ಇದ್ದು ಕೋಣೆ ದಿನವೂ ಬಳಕೆಯಲ್ಲಿದ್ದರೆ ಇನ್ವರ್ಟರ್. ವೋಲ್ಟ್‌ಮೀಟರ್ ಮತ್ತೆ ಮತ್ತೆ 180ಕ್ಕಿಂತ ಕೆಳಗೆ ತೋರಿಸಿದ್ದರೆ ಇನ್ವರ್ಟರಿನ ಜೊತೆ ಯುಪಿಎಸ್ಸೂ ಇರಲಿ, ಮತ್ತು ವೋಲ್ಟೇಜಿನ ಬಗ್ಗೆ 1912ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆಯನ್ನು ಅದೇ ಪುಸ್ತಕದಲ್ಲಿ ಬರೆಯಿರಿ. ಎರಡು ವಾರದ ವೋಲ್ಟೇಜ್ ದಾಖಲೆ ತೋರಿಸಿದಾಗ ಸೆಕ್ಷನ್ ಆಫೀಸಿನಲ್ಲಿ ಮಾತಿಗೆ ತೂಕ ಬರುತ್ತದೆ.

ಯಾವುದನ್ನೇ ಹಾಕಿಸಿದರೂ ಪರೀಕ್ಷೆ ಒಂದೇ. ಮಕ್ಕಳಿಲ್ಲದ ಹೊತ್ತಿನಲ್ಲಿ ಪ್ರೊಜೆಕ್ಟರ್ ಹಾಕಿ ಹತ್ತು ನಿಮಿಷ ಓಡಿಸಿ, ಯುಪಿಎಸ್ ಅಥವಾ ಇನ್ವರ್ಟರಿಗೆ ಬರುವ ಎಂಸಿಬಿಯನ್ನು ಇಳಿಸಿ. ಚಿತ್ರ ನಿಂತಿತೇ, ಎಷ್ಟು ನಿಮಿಷ ನಡೆಯಿತು ಎಂದು ಗಡಿಯಾರ ಹಿಡಿದು ನೋಡಿ. ಯುಪಿಎಸ್ ಆದರೆ ಬೀಪ್ ಬೇಗ ಬೇಗ ಬರತೊಡಗಿದ ಕೂಡಲೇ ಪ್ರೊಜೆಕ್ಟರ್ ಆಫ್ ಮಾಡಿ, ಫ್ಯಾನು ತಾನಾಗಿ ನಿಲ್ಲುವವರೆಗೆ ಬ್ಯಾಟರಿ ತಡೆಯಿತೇ ಎಂಬುದನ್ನು ನೋಡಬೇಕು. ಇನ್ವರ್ಟರ್ ಆದರೆ ಒಂದು ಪೂರ್ತಿ ಪೀರಿಯಡ್ ಓಡಿಸಿ. ಆ ನಿಮಿಷಗಳನ್ನು ಯಂತ್ರದ ಮೇಲೇ ದಿನಾಂಕ ಹಾಕಿ ಬರೆದು, ಜೂನ್ ಮತ್ತು ನವೆಂಬರಿನಲ್ಲಿ ಮತ್ತೆ ಅಳೆಯಿರಿ. ಮೊದಲ ಅಂಕಿಯ ಅರ್ಧಕ್ಕೆ ಇಳಿದಿದ್ದರೆ ಬ್ಯಾಟರಿ ಬದಲಿಸುವ ಹೊತ್ತು ಬಂದಿದೆ.